‘ತಕರಾರು ಇಲ್ಲ’ ಎಂಬ ಕಾಗದದ ತಕರಾರು

ಅಪ್ಪನ ತಿಥಿಯ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ದೊಡ್ಡಣ್ಣ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತರುತ್ತಾನೆ. ಅದರೊಳಗೆ ಛಾಪಾ ಕಾಗದ, ಮೊದಲೇ ಟೈಪಾಗಿದೆ. ‘ಸದರಿ ಸ್ವತ್ತಿನ ಖಾತೆಯನ್ನು ನನ್ನ ಅಣ್ಣನವರ ಹೆಸರಿಗೆ ಮಾಡಿಕೊಡಲು ನನ್ನದೇನೂ ತಕರಾರು ಇರುವುದಿಲ್ಲ, ಇದನ್ನು ಸ್ವಖುಷಿಯಿಂದ ಬರೆದುಕೊಟ್ಟಿರುತ್ತೇನೆ.’ ತಂಗಿಯರು ಸಂಜೆಯ ಬಸ್ಸಿಗೆ ಹೊರಡಬೇಕು. “ಇಲ್ಲೊಂದು ಸೈನ್ ಹಾಕಮ್ಮ, ಖಾತೆಗಷ್ಟೇ. ನಿನ್ನ ಪಾಲು ಎಲ್ಲಿಗೆ ಹೋಗುತ್ತೆ?” ಎನ್ನುತ್ತಾನೆ ಅಣ್ಣ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಅವನೂ ಅದನ್ನೇ ನಂಬಿರುತ್ತಾನೆ. ನನ್ನ ಜಗಳ ಅಣ್ಣನ ಮೇಲಲ್ಲ, ಆ ಕಾಗದವನ್ನು ತೆಗೆದುಕೊಂಡು ಒಬ್ಬನ ಹೆಸರಿಗೆ ಖಾತೆ ಕೂರಿಸುವ ಕಚೇರಿಯ ಮೇಲೆ.

ಕಂದಾಯ ಇಲಾಖೆ ಈಗ ಪೌತಿ ಖಾತೆ ಆಂದೋಲನ ನಡೆಸುತ್ತಿದೆ. ಅಗತ್ಯವಿರುವ ಕೆಲಸವೇ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗೆ ಬೆಳೆ ಸಾಲವೂ ಸಿಗದು, ಪರಿಹಾರದ ಹಣವೂ ಸಲೀಸಾಗಿ ಬಾರದು. ಆದರೆ ಪೌತಿ ಖಾತೆ ಎಂದರೆ ಸತ್ತವರ ಜಾಗಕ್ಕೆ ಅವರ ವಾರಸುದಾರರನ್ನು ತರುವುದು. ವಾರಸುದಾರರಲ್ಲಿ ಒಬ್ಬನನ್ನು ಆರಿಸುವುದಲ್ಲ. ವಂಶವೃಕ್ಷದಲ್ಲಿ ಐದು ಹೆಸರಿದ್ದು ಪಹಣಿಯ 9ನೇ ಕಾಲಂನಲ್ಲಿ ಒಂದೇ ಹೆಸರು ಬಂದರೆ, ಉಳಿದ ನಾಲ್ಕು ಹೆಸರು ಯಾವ ಬಲದ ಮೇಲೆ ಹೋದವು? ಒಪ್ಪಿಗೆ ಪತ್ರದ ಬಲದ ಮೇಲೆ ಎನ್ನುತ್ತಾರೆ. ಆ ಕಾಗದಕ್ಕೆ ಅಷ್ಟು ಬಲವೇ ಇಲ್ಲ.

ಒಂದು ಮನೆಯ ಲೆಕ್ಕ ಹಾಕೋಣ. ಅಪ್ಪನ ಸ್ವಯಾರ್ಜಿತ ಜಮೀನು ಎರಡೂವರೆ ಎಕರೆ, ಅಂದರೆ ನೂರು ಗುಂಟೆ. ಉಯಿಲು ಬರೆದಿಲ್ಲ. ಇರುವವರು ಅಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಐವರಿಗೂ ತಲಾ ಇಪ್ಪತ್ತು ಗುಂಟೆ. (ಪಿತ್ರಾರ್ಜಿತವಾದರೆ ಲೆಕ್ಕ ಬೇರೆ, ಆದರೂ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಪಾಲು ಗಂಡುಮಕ್ಕಳಷ್ಟೇ.) ತಮ್ಮ, ತಂಗಿಯರು ತಕರಾರಿಲ್ಲ ಎಂದು ಸಹಿ ಹಾಕಿದರು, ಅಮ್ಮ ಹೆಬ್ಬೆಟ್ಟು ಒತ್ತಿದಳು. ನೂರು ಗುಂಟೆಯೂ ಅಣ್ಣನ ಖಾತೆಗೆ ಬಂತು. ಕಾನೂನಿನ ಕಣ್ಣಿನಲ್ಲಿ ಅವನದು ಅಂದೂ ಇಪ್ಪತ್ತೇ ಗುಂಟೆ.

ಏಕೆಂದರೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ, ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿ ಆಗಲೇಬೇಕು. ನೂರು ರೂಪಾಯಿಗೆ ಇಂದು ಒಂದು ಗೇಣು ನೆಲವೂ ಬಾರದು, ಅಂದಮೇಲೆ ಎಲ್ಲ ಪತ್ರಕ್ಕೂ ಇದು ಅನ್ವಯಿಸಿದಂತೆಯೇ. ನೋಂದಣಿ ಆಗದ ಪತ್ರ ಆ ಆಸ್ತಿಯ ಮೇಲೆ ಪರಿಣಾಮ ಬೀರದು ಎನ್ನುತ್ತದೆ 49ನೇ ಕಲಮು. ನೋಟರಿಯ ಕೆಂಪು ಮುದ್ರೆ ನೋಂದಣಿ ಅಲ್ಲ. ಸಹಿ ಹಾಕಿದವರು ಇವರೇ ಎನ್ನುವುದಕ್ಕಷ್ಟೇ ಅದು ಸಾಕ್ಷಿ. ಖಾತೆಯಾದರೋ ಕಂದಾಯ ಯಾರಿಂದ ವಸೂಲು ಮಾಡಬೇಕು ಎಂಬುದಕ್ಕೆ ಇಟ್ಟ ದಾಖಲೆ. ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 1997ರ ಬಲವಂತ್ ಸಿಂಗ್ ಪ್ರಕರಣದಲ್ಲಿ ಪತಿಯ ಆಸ್ತಿಯ ಖಾತೆಯನ್ನು ಬೇರೆಯವರ ಹೆಸರಿಗೆ ಬದಲಾಯಿಸಲು ವಿಧವೆಯೇ ಒಪ್ಪಿದ್ದರೂ, ಅಷ್ಟರಿಂದಲೇ ಆಕೆಯ ಹಕ್ಕು ಹೋಗಲಿಲ್ಲ.

ಮುಂದೆ ನೋಡಿ. ಕೆಲವು ವರ್ಷಕ್ಕೆ ಅಮ್ಮ ತೀರಿಕೊಂಡಳು. ಅವಳ ಇಪ್ಪತ್ತು ಗುಂಟೆ ನಾಲ್ಕು ಮಕ್ಕಳಿಗೆ ಐದೈದರಂತೆ ಹಂಚಿಹೋಯಿತು, ಪಹಣಿಯಲ್ಲಿ ಅಲ್ಲ, ಕಾನೂನಿನಲ್ಲಿ. ಈಗ ಒಬ್ಬೊಬ್ಬರದು ಇಪ್ಪತ್ತೈದು. ತಮ್ಮನೂ ಹೋದ, ಅವನ ಪಾಲಿಗೆ ಹೆಂಡತಿ, ಎರಡು ಚಿಕ್ಕ ಮಕ್ಕಳು ಬಂದರು. ಅಣ್ಣ ಮಗಳ ಮದುವೆಗೆಂದು ಜಮೀನು ಮಾರಲು ಹೊರಟ, ಮುಂಗಡವನ್ನೂ ತೆಗೆದುಕೊಂಡ. ಕೊಳ್ಳುವವನ ವಕೀಲರು ಋಣಭಾರ ಪತ್ರ ತೆಗೆಸಿದರೆ ಅದರಲ್ಲಿ ತಂಗಿಯರ ಹೆಸರೇ ಇಲ್ಲ, ಹಕ್ಕು ಬಿಟ್ಟ ಸುಳಿವೂ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತದ ಕಾಗದ ಇ.ಸಿ.ಯಲ್ಲಿ ಬರುವುದಾದರೂ ಹೇಗೆ? “ಎಲ್ಲರನ್ನೂ ಕರೆತಂದು ಸಹಿ ಹಾಕಿಸಿ” ಎಂದರು ವಕೀಲರು. ಆಗ ಗುಂಟೆಗೆ ಬಂದಿರುವ ಬೆಲೆ ತಂಗಿಯರ ಕಿವಿಗೂ ಬಿತ್ತು. ತಿಥಿಯ ದಿನ “ಆಮೇಲೆ ಏನಾದರೂ ಕೊಡ್ತೀನಿ” ಎಂದದ್ದು ನೆನಪಾಯಿತು. ಕಾಗದದಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ. ಕೊನೆಗೆ ವಿಭಾಗದ ದಾವೆ, ಒಂದು ತಡೆಯಾಜ್ಞೆ. ಮುಂಗಡ ಕೊಟ್ಟ ಪರಸ್ಥನೂ ಪ್ರತಿವಾದಿ.

ಹಾಗಾದರೆ ಆ ಕಾಗದ ಬರೀ ಖಾಲಿ, ಸಹಿ ಹಾಕಿದರೇನಂತೆ ಎಂದು ತಂಗಿ ನಿಶ್ಚಿಂತೆಯಾಗಿ ಇರಬಹುದೇ? ಅದೂ ಇಲ್ಲ, ಇದೇ ಇದರ ಕೇಡು. ಬಾಯಿಮಾತಿನಲ್ಲೇ ಪಾಲಾಗಿತ್ತು, ಹಣ ಕೊಟ್ಟಿದ್ದೆ, ಅದಕ್ಕೇ ಸಹಿ ಹಾಕಿದಳು ಎಂದು ಅಣ್ಣ ನ್ಯಾಯಾಲಯದಲ್ಲಿ ವಾದ ಹೂಡಬಹುದು. ಮೊದಲೇ ಆಗಿಹೋದ ಕುಟುಂಬದ ಏರ್ಪಾಟನ್ನು ನೆನಪಿಗೆಂದು ಬರೆದಿಟ್ಟರೆ ಅದಕ್ಕೆ ನೋಂದಣಿ ಬೇಕಿಲ್ಲ ಎಂದು 1976ರ ಕಾಳೆ ಪ್ರಕರಣದ ತೀರ್ಪು ಇದೆ. ತಮಿಳುನಾಡಿನ ಒಂದು ಪ್ರಕರಣದಲ್ಲಿ, ಅಪ್ಪ ಬದುಕಿರುವಾಗಲೇ ಹಣ ಪಡೆದು ಹಕ್ಕು ಬಿಟ್ಟ ಮಗನ ಮಕ್ಕಳು ಆಮೇಲೆ ಪಾಲು ಕೇಳುವಂತಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಆ ಕಾಗದ ಅಣ್ಣನಿಗೆ ಹಕ್ಕು ಕೊಡುವಷ್ಟು ಗಟ್ಟಿಯಲ್ಲ, ತಂಗಿಯನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸುವಷ್ಟು ಗಟ್ಟಿ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಬಡವರಿಗೆ ನೋಂದಣಿ ದುಬಾರಿ, ಹೆಣ್ಣುಮಕ್ಕಳು ದೂರದೂರಿನಲ್ಲಿದ್ದಾರೆ, ಒಬ್ಬಳಂತೂ ಅಮೆರಿಕದಲ್ಲಿದ್ದಾಳೆ, ಪ್ರೀತಿಯಿಂದ ಬಿಟ್ಟುಕೊಡುವುದಕ್ಕೂ ಕಚೇರಿ ಅಲೆಯಬೇಕೇ ಎಂದು. ದುಬಾರಿ ಎನ್ನುವುದು ನಿಜವಲ್ಲ. ಅಣ್ಣತಮ್ಮ, ಅಕ್ಕತಂಗಿಯರ ನಡುವಿನ ಹಕ್ಕು ಬಿಡುಗಡೆ ಪತ್ರಕ್ಕೆ ಕರ್ನಾಟಕದಲ್ಲಿ ಕ್ರಯಪತ್ರದಂತೆ ಬೆಲೆಯ ಮೇಲೆ ಶೇಕಡಾವಾರು ಶುಲ್ಕವಿಲ್ಲ, ಸಣ್ಣ ನಿಗದಿತ ಮುದ್ರಾಂಕ ಶುಲ್ಕವಷ್ಟೇ. ತಿಥಿಯ ಅಡುಗೆಯವರಿಗೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಅಮೆರಿಕದ ತಂಗಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಬಹುದು, ವಾಟ್ಸ್ಯಾಪಿನಲ್ಲಿ ಸಹಿಯ ಫೋಟೊ ಅಲ್ಲ. ತಮ್ಮನ ಚಿಕ್ಕ ಮಕ್ಕಳ ಪಾಲನ್ನು ಅವರ ತಾಯಿ ತಾನೇ ಸಹಿ ಹಾಕಿ ಬಿಟ್ಟುಬಿಡಲು ಬರುವುದಿಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಒಪ್ಪಿಗೆ ಪತ್ರದ ಆತುರದಲ್ಲಿ ಈ ಮಕ್ಕಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪ್ರೀತಿಯ ಮಾತಿಗೂ ಒಂದು ಉತ್ತರವಿದೆ. ಪ್ರೀತಿಯಿಂದ ಬಿಡುವವಳು ಎಷ್ಟು ಗುಂಟೆ ಬಿಡುತ್ತಿದ್ದೇನೆ, ಯಾರಿಗೆ ಬಿಡುತ್ತಿದ್ದೇನೆ, ಅದಕ್ಕೆ ಪ್ರತಿಯಾಗಿ ಏನಾದರೂ ಬಂತೇ ಎಂದು ತಿಳಿದು ಬಿಡುತ್ತಾಳೆ. ಹಕ್ಕು ಬಿಡುಗಡೆ ಪತ್ರದಲ್ಲಿ ಇವನ್ನೆಲ್ಲ ಬರೆಯಬೇಕು, ಸಬ್ ರಿಜಿಸ್ಟ್ರಾರ್ ಎದುರು ಒಪ್ಪಿಕೊಳ್ಳಬೇಕು. ಒಪ್ಪಿಗೆ ಪತ್ರ ಎಲ್ಲರಿಗೂ ಇಷ್ಟವಾಗಲು ಕಾರಣ ಈ ಪ್ರಶ್ನೆಗಳನ್ನು ಕೇಳದಿರುವುದೇ. ತಕರಾರು ತೆಗೆದರೆ ತವರು ತಪ್ಪೀತು ಎಂಬ ಭಯಕ್ಕೆ ನಾವಿಟ್ಟಿರುವ ಹೆಸರು ಸ್ವಖುಷಿ.

ಇಲಾಖೆಯವರು ಆಂದೋಲನವನ್ನು ನಿಲ್ಲಿಸಬೇಕಿಲ್ಲ. ಜಂಟಿ ಖಾತೆ ಮಾಡಲು ಯಾರ ಒಪ್ಪಿಗೆ ಪತ್ರವೂ ಬೇಡ; ವಂಶವೃಕ್ಷದಲ್ಲಿರುವ ಅಷ್ಟೂ ಹೆಸರು 9ನೇ ಕಾಲಂಗೆ ಬರಲಿ. ಯಾರದಾದರೂ ಹೆಸರು ಬಿಡಬೇಕಿದ್ದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವನ್ನೋ ವಿಭಾಗ ಪತ್ರವನ್ನೋ ಕೇಳಲಿ. ಛಾಪಾ ಕಾಗದದ ಮೇಲಿನ ‘ತಕರಾರು ಇಲ್ಲ’ವನ್ನು ತೆಗೆದುಕೊಳ್ಳಬೇಡಿ ಎಂದು ಗ್ರಾಮ ಆಡಳಿತ ಅಧಿಕಾರಿಗಳಿಗೆ ಒಂದು ಸುತ್ತೋಲೆ ಹೊರಡಿಸಲಿ.