ಯೋಗ ಕ್ಲಾಸಿನ ಬೋರ್ಡಿಗೆ ಯಾವ ಹೆಸರು?

1936ರಲ್ಲಿ ಮೈಸೂರಿನ ಟಿ. ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕಕ್ಕೆ ಬಂದು ಊರೂರುಗಳಲ್ಲಿ ಯೋಗ ಪ್ರದರ್ಶನ ಕೊಟ್ಟರು. ಆ ಶಿಷ್ಯರಲ್ಲಿ ಹದಿನೆಂಟು ತುಂಬದ ಬಿ.ಕೆ.ಎಸ್. ಅಯ್ಯಂಗಾರರೂ ಇದ್ದರು. ಬೆಳಗಾವಿಯಲ್ಲಿ ಆಗ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರಿಗೆ ಆ ಆಸನಗಳು ಮನಸ್ಸಿಗೆ ಹತ್ತಿದವು. ನಿವೃತ್ತರಾಗಿ ಪುಣೆಯಲ್ಲಿ ನೆಲೆಸಿದ ಮೇಲೆ ಅವರು ಮುತುವರ್ಜಿ ವಹಿಸಿದ್ದರಿಂದಲೇ ಅಯ್ಯಂಗಾರರಿಗೆ 1937ರಲ್ಲಿ ಡೆಕ್ಕನ್ ಜಿಮ್ಖಾನಾದಲ್ಲಿ ಕಲಿಸುವ ಕರೆ ಬಂತು. ಒಪ್ಪಂದ ಆರು ತಿಂಗಳಿನದು; ಆದರೆ ಅವರು ಜೀವನಪೂರ್ತಿ ಪುಣೆಯಲ್ಲೇ ಉಳಿದರು.

ಹೆಸರಿನ ವಿಷಯ ಮಾತಾಡುವಾಗ ಇದನ್ನೇಕೆ ನೆನೆಯುತ್ತೇನೆಂದರೆ, ಅಯ್ಯಂಗಾರರ ಪುಣೆಯ ಮೊದಲ ತರಗತಿಗಳು ನಡೆದದ್ದು ಆಶ್ರಮದಲ್ಲಲ್ಲ, ಪೀಠದಲ್ಲೂ ಅಲ್ಲ. ಅದು ಜನ ಆಟಕ್ಕೆ, ವ್ಯಾಯಾಮಕ್ಕೆ ಬರುತ್ತಿದ್ದ ಕ್ಲಬ್ಬು. ಬರುವವರಿಗೆ ದಾರಿ ಗೊತ್ತಿತ್ತು, ಹೆಸರು ಪರಿಚಿತವಾಗಿತ್ತು, ಒಳಗೆ ಹೋಗಲು ಯಾರಿಗೂ ವಿವರಣೆ ಕೊಡಬೇಕಿರಲಿಲ್ಲ. ಅವರು ಸ್ವಂತ ಸಂಸ್ಥೆ ತೆರೆದದ್ದು 1975ರಲ್ಲಿ. ಅದಕ್ಕೂ ದೇವರ ಹೆಸರಿಡದೆ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಪತ್ನಿ ರಮಾಮಣಿಯವರ ಹೆಸರಿಟ್ಟರು.

ಈಗ ನಮ್ಮೂರು ಬೆಳಗಾವಿಗೆ ಬರೋಣ. ಖಾನಾಪುರದ ಕಡೆಯ ಶಿಕ್ಷಕಿಯೊಬ್ಬರು ಟಿಳಕವಾಡಿಯಲ್ಲಿ ಮೊದಲ ಮಹಡಿಯ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು ಯೋಗ ಕ್ಲಾಸ್ ಶುರು ಮಾಡುವವರಿದ್ದಾರೆ. ಭಾನುವಾರ ಖಾನಾಪುರದಲ್ಲೂ ಒಂದು ಬ್ಯಾಚ್ ನಡೆಸುವ ಆಸೆ. ಅವರಿಗೆ ಬೇಕಾದವರು ನಿವೃತ್ತರಲ್ಲ, ಮಕ್ಕಳಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ಮುಗಿಸಿದವರು, ಬ್ಯಾಂಕಿನ ಕೌಂಟರಿನವರು, ಆಸ್ಪತ್ರೆಯ ನರ್ಸ್‌ಗಳು, ಕಾಲೇಜಿನ ಮೇಷ್ಟ್ರುಗಳು. ಹೆಸರುಗಳ ಪಟ್ಟಿಯನ್ನು ನನ್ನ ಮುಂದಿಟ್ಟು, "ಇದರಾಗ ಯಾವುದು ಛಲೋ ಅನಸ್ತದ ಹೇಳ್ರಿ" ಎಂದರು. ಶ್ರೀ ಪತಂಜಲಿ ಯೋಗಪೀಠ, ಓಂಕಾರ ಯೋಗಾಶ್ರಮ, ಝೆನ್ ಫಿಟ್, ಯೋಗಾ ಪ್ಲಸ್, ಸ್ವಸ್ಥ, ಸಹಜ, ಉಸಿರು, ಬೆಳಗಾವಿ ಯೋಗ ಕೇಂದ್ರ.

ಮೊದಲ ಎರಡು ಹೆಸರುಗಳನ್ನು ನಾನು ಬಿಡಿಸಿದ್ದು ಭಕ್ತಿಯ ಮೇಲಿನ ಅಗೌರವದಿಂದಲ್ಲ. ಪೀಠ, ಆಶ್ರಮ ಎಂದ ಕೂಡಲೇ ಜನ ಗುರುವನ್ನು ಹುಡುಕುತ್ತಾರೆ, ಕಾಣಿಕೆ ಕೊಡಬೇಕೇನೋ ಎಂದುಕೊಳ್ಳುತ್ತಾರೆ, ತಿಂಗಳ ಫೀ ಕೇಳಿದರೆ ಮುಖ ನೋಡುತ್ತಾರೆ. ಕ್ಯಾಂಪಿನ ಕ್ರೈಸ್ತ ನರ್ಸ್ ಅಥವಾ ಪಾಳಿ ಮುಗಿಸಿ ಬಂದ ಮುಸ್ಲಿಂ ಮೆಕ್ಯಾನಿಕ್ ಬೋರ್ಡು ನೋಡಿಯೇ ಇದು ತಮಗಲ್ಲ ಎಂದು ಮುಂದೆ ಹೋಗುತ್ತಾರೆ. ಬೆನ್ನು ನೋವು ಅವರಿಗೂ ಇದೆ. ಪತಂಜಲಿಯ ಹೆಸರು ಇಂದು ಅಂಗಡಿಯ ಸಾಬೂನು, ತುಪ್ಪದ ಜತೆಗೂ ಬೆಸೆದುಕೊಂಡಿರುವುದರಿಂದ ಆ ಕಂಪನಿಯ ಶಾಖೆ ಎಂದು ತಿಳಿಯುವವರೂ ಉಂಟು.

ಕಾನೂನಿನ ತೊಡಕೂ ಇದೆ. ಟ್ರೇಡ್‌ಮಾರ್ಕ್ ಕಾಯ್ದೆ, 1999ರ ಒಂಬತ್ತನೆಯ ಕಲಂ ಯಾವುದೇ ವರ್ಗದ ಧಾರ್ಮಿಕ ಭಾವನೆಗೆ ನೋವಾಗಬಹುದಾದ ಗುರುತನ್ನು ನೋಂದಾಯಿಸಬಾರದು ಎನ್ನುತ್ತದೆ. 'ರಾಮಾಯಣ' ಎಂಬ ಹೆಸರಿನ ಅಗರಬತ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಒಬ್ಬರು ತಮ್ಮ ಸರಕಿನ ಸ್ವತ್ತು ಮಾಡಿಕೊಳ್ಳಲಾಗದು ಎಂದಿತು. ಎಲ್ಲರ ಹೆಸರನ್ನು ಬೋರ್ಡಿಗೆ ಹಾಕಿಕೊಂಡರೆ ನಾಳೆ ಎದುರಿನ ಕಟ್ಟಡದಲ್ಲಿ ಅದೇ ಹೆಸರಿನ ಕ್ಲಾಸ್ ತೆರೆದಾಗ ತಡೆಯುವುದು ಕಷ್ಟ.

ಝೆನ್ ಫಿಟ್, ಯೋಗಾ ಪ್ಲಸ್ ಕಡೆಗೆ ನನ್ನ ಮನಸ್ಸು ಹೋಗಲೇ ಇಲ್ಲ. ಇಂಥ ಹೆಸರು ಓದಿದವರು ಮೊದಲು ಕೇಳುವುದು ಪ್ಯಾಕೇಜ್ ಎಷ್ಟು ಎಂದು. ಮೂರು ತಿಂಗಳಲ್ಲಿ ಎಷ್ಟು ಕಿಲೋ ಇಳಿಯುತ್ತದೆ ಎಂಬುದು ಎರಡನೆಯ ಪ್ರಶ್ನೆ. ತೂಕ ಇಳಿಸುವ ಮಾತು ಕೊಡದ ಶಿಕ್ಷಕಿಗೆ ಅಂಥ ನಿರೀಕ್ಷೆಯ ವಿದ್ಯಾರ್ಥಿಗಳನ್ನು ಎರಡನೆಯ ತಿಂಗಳೂ ಹಿಡಿದಿಡುವುದು ಆಗುವುದಿಲ್ಲ.

ಹಾಗಾದರೆ ಬೆಳಗಾವಿ ಯೋಗ ಕೇಂದ್ರ ಎಂದೇ ಸರಳವಾಗಿ ಇಡಬಾರದೇಕೆ? ಸರಳ ಹೆಸರಿಗೆ ದೊಡ್ಡ ಪರಂಪರೆಯೇ ಇದೆ. ಸಂಸಾರಸ್ಥರಿಗೆ ಯೋಗ ಕಲಿಸಬೇಕೆಂದು ಯೋಗೇಂದ್ರರು 1918ರಲ್ಲಿ ಮುಂಬಯಿಯಲ್ಲಿ ಶುರು ಮಾಡಿದ ಸಂಸ್ಥೆಗೆ 'ದಿ ಯೋಗ ಇನ್‌ಸ್ಟಿಟ್ಯೂಟ್' ಎಂದಷ್ಟೇ ಹೆಸರು. ಆದರೆ ಅಂದು ಆ ಹೆಸರಿಗೆ ಪೈಪೋಟಿ ಇರಲಿಲ್ಲ. ಇಂದು ಊರು ಮತ್ತು ಕೆಲಸ ಎರಡನ್ನೇ ಹೇಳುವ ಹೆಸರನ್ನು ಟ್ರೇಡ್‌ಮಾರ್ಕ್ ಕಚೇರಿ ಬರೀ ವರ್ಣನೆ ಎಂದು ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಫೋನಿನಲ್ಲಿ ಹುಡುಕುವವರಿಗೂ ಒಂದೇ ತೆರನ ಹತ್ತು ಹೆಸರು ಎದುರಾಗುತ್ತವೆ. ಜತೆಗೆ ಬೆಳಗಾವಿ ಎಂಬ ಹೆಸರು ಹೊತ್ತ ಕ್ಲಾಸ್ ಖಾನಾಪುರಕ್ಕೆ ಹೋದರೆ ಪರಊರಿನದು ಎನಿಸಿಕೊಳ್ಳುತ್ತದೆ. ಹೆಸರಿನಲ್ಲಿ ಒಂದು ಪದವಾದರೂ ತನ್ನದೇ ಆಗಿರಬೇಕು; ಯೋಗ, ಶಾಲೆ, ಕೇಂದ್ರ ಎಂಬುವು ಅದರ ಹಿಂದೆ ಬರಲಿ.

ಆ ಒಂದು ಪದ ಯಾವುದು ಎಂಬಲ್ಲಿ ಬೆಳಗಾವಿ ಬೇರೆ ಊರುಗಳಿಗಿಂತ ಬೇರೆ. ಧಾರವಾಡದಲ್ಲಿ ಒಪ್ಪುವ ಹೆಸರು ಇಲ್ಲಿ ಕನ್ನಡದ ಬಾಯಲ್ಲೂ ಮರಾಠಿಯ ಬಾಯಲ್ಲೂ ಉರ್ದುವಿನ ಬಾಯಲ್ಲೂ ನಿಲ್ಲಬೇಕು. ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ಒಬ್ಬ ಇನ್ನೊಬ್ಬನಿಗೆ ಹೇಳಿದಾಗ ಮೊದಲ ಸಲವೇ ಕೇಳಬೇಕು, ಅರ್ಥ ಬಿಡಿಸಿ ಹೇಳುವಂತಿರಬಾರದು. ಶಿಕ್ಷಕಿಯ ಪಟ್ಟಿಯಲ್ಲಿ ಅವರಿಗೆ ಬಹಳ ಪ್ರಿಯವಾಗಿದ್ದದ್ದು 'ಸ್ವಸ್ಥ'. ಬರೆಯಲು ಚಂದ, ಅರ್ಥವೂ ಸರಿ. ಆದರೆ ಮರಾಠಿಯಲ್ಲಿ 'ಸ್ವಸ್ತ' ಎಂದರೆ ಅಗ್ಗ. ಮಾತಿನ ಓಟದಲ್ಲಿ ಮಹಾಪ್ರಾಣ ಬಿದ್ದುಹೋದರೆ ಅದು ಅಗ್ಗದ ಯೋಗ ಕ್ಲಾಸ್ ಆಗಿಬಿಡುತ್ತದೆ. ಕಡಿಮೆ ಫೀ ಎಂದು ತಿಳಿದು ಬಂದವರಿಗೆ ಬೇಸರ, ಗುಣಮಟ್ಟ ಕಡಿಮೆ ಎಂದು ತಿಳಿದು ಬಾರದವರಿಂದ ನಷ್ಟ. 'ಸಹಜ' ಎಂದರೆ ಸಹಜಯೋಗ ಎಂಬ ಬೇರೆಯದೇ ಆಧ್ಯಾತ್ಮಿಕ ಪಂಥ ಆಗಲೇ ದೇಶವಿದೇಶಗಳಲ್ಲಿದೆ. ಅದರವರೆಂದೇ ಜನ ತಿಳಿಯುತ್ತಾರೆ. 'ಉಸಿರು' ನನಗೆ ಬಹಳ ಇಷ್ಟ. ಆದರೆ ಖಾನಾಪುರದ ಮರಾಠಿ ಮನೆಗಳಲ್ಲಿ ಅದು ಬರೀ ಸದ್ದಾಗಿ ಉಳಿಯುತ್ತದೆ.

ನಾನು ಎರಡು ಪದಗಳನ್ನು ಮುಂದಿಟ್ಟೆ. ಒಂದು, ತಾಲೀಮು. ಕುಸ್ತಿಯ ಈ ಸೀಮೆಯಲ್ಲಿ ಮೂರೂ ಭಾಷೆಯವರಿಗೆ ಗೊತ್ತಿರುವ ಪದ. ಅದರಲ್ಲಿ ದೇವರೂ ಇಲ್ಲ, ವ್ಯಾಪಾರವೂ ಇಲ್ಲ, ದಿನಾ ಮೈ ಬಗ್ಗಿಸುವ ಶಿಸ್ತು ಇದೆ. ಶಿಕ್ಷಕಿ ತಕ್ಷಣವೇ ಬೇಡವೆಂದರು: "ಹೆಣ್ಮಕ್ಕಳು ಬರಂಗಿಲ್ರೀ. ಪೈಲವಾನರ ಜಾಗಾ ಅಂತಾರ." ಅವರ ಮಾತು ಸರಿ. ಸಂಜೆಯ ಬ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇರಬೇಕೆಂದು ಅವರು ಬಯಸಿದ್ದರು. ಇನ್ನೊಂದು, ಆರಾಮ. ಬೆಳಗಾವಿಯ ಕನ್ನಡಿಗರು ಎದುರಾದಾಗ ಕೇಳುವುದೇ "ಆರಾಮ ಅದೀರಿಲ್ಲೋ?" ಎಂದು. ಮರಾಠಿಯಲ್ಲೂ ಉರ್ದುವಿನಲ್ಲೂ ಅದೇ ಸದ್ದು, ಹತ್ತಿರದ ಅರ್ಥ. ಕನ್ನಡ ಲಿಪಿಯಲ್ಲೂ ದೇವನಾಗರಿಯಲ್ಲೂ ಮೂರೇ ಅಕ್ಷರ. ದಿನವಿಡೀ ಕುರ್ಚಿಯಲ್ಲೋ ಮಷೀನಿನ ಮುಂದೋ ಕಳೆದವರಿಗೆ ಸಂಜೆ ಬೇಕಾಗಿರುವುದೂ ಅದೇ.

ಆರಾಮಕ್ಕೂ ಮಿತಿಯಿದೆ. ಮಲಗಿ ಏಳುವ ಕ್ಲಾಸ್ ಎಂದುಕೊಂಡು ಬಂದವರು ಅರ್ಧ ಗಂಟೆ ನಿಂತು ಮಾಡುವ ಆಸನಗಳನ್ನು ಕಂಡು ಬೆಚ್ಚಬಹುದು. ಬರೀ 'ಆರಾಮ' ಎಂದರೆ ಲಾಡ್ಜೋ ಹಾಸಿಗೆ ಅಂಗಡಿಯೋ ಎನಿಸಬಹುದು. ಅದಕ್ಕೇ ಹಿಂದೆ 'ಯೋಗಶಾಲೆ' ಬೇಕು. ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಿಸತೊಡಗಿದ ಜಾಗಕ್ಕೂ ಯೋಗಶಾಲೆ ಎಂದೇ ಹೆಸರು. ಶಾಲೆಗೆ ಹೋಗುವವರು ಫೀ ಕಟ್ಟುತ್ತಾರೆ, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಕಲಿತು ಮುಗಿದ ಮೇಲೆ ಹೊರಡುತ್ತಾರೆ. ಸ್ಟುಡಿಯೋ ಎಂದರೆ ನಮ್ಮ ಕಡೆ ಇಂದಿಗೂ ಫೋಟೋ ತೆಗೆಸುವ ಅಂಗಡಿಯೇ ಮೊದಲು ನೆನಪಾಗುತ್ತದೆ.

ಪದವನ್ನು ಒಪ್ಪಿಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಒಂದೇ. ಹೆಸರನ್ನು ಬರೆದು ತೋರಿಸದೆ ಫೋನಿನಲ್ಲಿ ಹೇಳಿ, ಏನು ಕೇಳಿಸಿತು, ಅಲ್ಲಿ ಏನು ನಡೆಯುತ್ತದೆ ಅನಿಸುತ್ತದೆ ಎಂದು ಕೇಳಬೇಕು. ಗೆಳತಿಯರನ್ನಲ್ಲ, ಕ್ಲಾಸಿಗೆ ಬರಬೇಕಾದವರನ್ನು. ಮರಾಠಿ ಮನೆಮಾತಿನವರು ಅವರಲ್ಲಿ ಅರ್ಧದಷ್ಟಾದರೂ ಇರಬೇಕು. ಚಂದ ಇದೆಯೇ ಎಂದು ಕೇಳಿದರೆ ಎಲ್ಲರೂ ಚಂದ ಇದೆ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಫೀ ಎಷ್ಟಿರಬಹುದು?" ಎಂದು ಕೇಳಿ ನೋಡಿ. ಹೆಸರು ಪುಕ್ಕಟೆಯ ಭಜನೆಯಂತೆ ಕೇಳಿಸುತ್ತದೋ ದುಬಾರಿ ಜಿಮ್ಮಿನಂತೆ ಕೇಳಿಸುತ್ತದೋ ಅವರು ಹೇಳುವ ಅಂಕಿಯಲ್ಲೇ ಗೊತ್ತಾಗುತ್ತದೆ.

ಆಮೇಲೆ ಕಾಗದಪತ್ರ. ಶಿಕ್ಷಣ, ತರಬೇತಿಗಳು ಟ್ರೇಡ್‌ಮಾರ್ಕ್‌ನ 41ನೆಯ ವರ್ಗಕ್ಕೆ ಸೇರುತ್ತವೆ. ಸರ್ಕಾರದ ಜಾಲತಾಣದಲ್ಲಿ ಆ ವರ್ಗದೊಳಗೆ ಕಾಗುಣಿತದಿಂದಷ್ಟೇ ಅಲ್ಲ, ಉಚ್ಚಾರದಿಂದಲೂ ಹುಡುಕಬಹುದು. ಹೋಲುವ ಹೆಸರು ಸಿಕ್ಕರೆ ಬೋರ್ಡು ಬರೆಸುವ ಮೊದಲೇ ಬದಲಿಸಬಹುದು. 'ಆರಾಮ'ದಂಥ ದಿನಬಳಕೆಯ ಪದವನ್ನು ಬೇರೆಯವರು ಮೊದಲೇ ತೆಗೆದುಕೊಂಡಿರುವ ಸಾಧ್ಯತೆ ಇರುವುದರಿಂದ ಈ ಹುಡುಕಾಟ ಬಿಡುವಂತಿಲ್ಲ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಸಲ್ಲಿಸುವ ಅರ್ಜಿಗೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ ಸಿಕ್ಕರೆ ಹತ್ತು ವರ್ಷ ಬಾಳುತ್ತದೆ.

ಬೋರ್ಡಿನ ಮಾತು ಬೆಳಗಾವಿಯಲ್ಲಿ ಸೂಕ್ಷ್ಮ. ರಾಜ್ಯದ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು. ಎಷ್ಟೋ ಅಂಗಡಿಗಳವರು ಇಂಗ್ಲಿಷಿನಲ್ಲಿ ಹೆಸರು ಕಟ್ಟಿ, ಆಮೇಲೆ ಅದನ್ನು ಕನ್ನಡ ಅಕ್ಷರಕ್ಕೆ ಇಳಿಸಿ ಜಾಗ ತುಂಬಿಸುತ್ತಾರೆ. ಓದುವವರಿಗೆ ಅದು ಎರಡು ಭಾಷೆಯಲ್ಲೂ ಪರಕೀಯ. ಕನ್ನಡದಲ್ಲೇ ಹುಟ್ಟಿದ ಹೆಸರು ಮೇಲೆ ದೊಡ್ಡದಾಗಿ ಬಂದು, ಅದೇ ಸದ್ದು ಕೆಳಗೆ ಸಣ್ಣದಾಗಿ ಬೇರೆ ಲಿಪಿಯಲ್ಲಿ ಬಂದರೆ ಕಾನೂನೂ ಪಾಲನೆಯಾಗುತ್ತದೆ, ನೆರೆಯವರಿಗೂ ತಮ್ಮನ್ನು ಹೊರಗಿಟ್ಟರು ಎನಿಸುವುದಿಲ್ಲ.

ಖಾನಾಪುರದಲ್ಲಿ ಬೋರ್ಡಿನ ಕೆಲಸ ಕಡಿಮೆ. ಅಲ್ಲಿ ಜನ ಕ್ಲಾಸನ್ನು ಕಲಿಸುವವರ ಹೆಸರಿನಿಂದ ಕರೆಯುತ್ತಾರೆ. ಕನ್ನಡದವರಿಗೆ ಅದು 'ಅಕ್ಕೋರ ಯೋಗ', ಮರಾಠಿಯವರಿಗೆ 'ಬಾಯಿ' ಎಂಬುದರಿಂದಲೇ ಗುರುತು. ದಿನಾ ಬೆಳಗಾವಿಗೆ ರೈಲು, ಬಸ್ಸುಗಳಲ್ಲಿ ಓಡಾಡುವವರಿಗೆ ಭಾನುವಾರವೊಂದೇ ಬಿಡುವು. ಅಲ್ಲಿ ಹೆಸರು ಜನರನ್ನು ಎಳೆದು ತರಬೇಕಿಲ್ಲ. ವಾರದ ದಿನಗಳಲ್ಲಿ ಟಿಳಕವಾಡಿಯಲ್ಲಿ ಕಂಡದ್ದೂ ಭಾನುವಾರ ಊರಲ್ಲಿ ನಡೆಯುವುದೂ ಒಂದೇ ಎಂದು ತಿಳಿಸಿದರೆ ಸಾಕು. ಆದ್ದರಿಂದ ಅಲ್ಲಿಗೆ ಬೇರೆ ಹೆಸರು ಬೇಡ ಎಂದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಯಿತು. ಆ ಶಿಕ್ಷಕಿ ಓಂಕಾರದಿಂದ, ಪತಂಜಲಿಯ ಸ್ತುತಿಯಿಂದ ತರಗತಿ ಶುರು ಮಾಡುವವರು. ಅಯ್ಯಂಗಾರರ ಪದ್ಧತಿಯಲ್ಲೂ ಹಾಗೆಯೇ. ಅದನ್ನು ಬಿಡಬೇಕಾಗಿಲ್ಲ. ಆದರೆ ಹೊರಗೆ ಎಲ್ಲರಿಗೂ ಸಲ್ಲುವ ಹೆಸರಿಟ್ಟು, ಒಳಗೆ ಬಂದವರು ಕೈಮುಗಿದು ಕುಳಿತಾಗಲೇ ವಿಷಯ ತಿಳಿಯುವಂತಾದರೆ ಅದು ಮೋಸ. ಬಂದವರು ಮಾತಾಡದೆ ಎದ್ದುಹೋಗುತ್ತಾರೆ, ಏಕೆಂದು ಹೇಳುವುದಿಲ್ಲ. ಮೊದಲ ವಾರ ಬಂದು ಎರಡನೆಯ ವಾರ ಬಾರದವರಲ್ಲಿ ಒಂದೇ ಸಮುದಾಯದವರು ಹೆಚ್ಚಿದ್ದರೆ ಕಾರಣ ಅಲ್ಲೇ ಹುಡುಕಬೇಕು. ಅದಕ್ಕೇ ಹೆಸರಿನ ಕೆಳಗೆ ಸಣ್ಣ ಅಕ್ಷರದ ಎರಡು ಸಾಲು ಇರಲಿ ಎಂದೆವು: ಬೆಳಿಗ್ಗೆ 6, ಸಂಜೆ 7, ಕನ್ನಡ ಮತ್ತು ಮರಾಠಿಯಲ್ಲಿ ಪಾಠ, ಮೊದಲ ಐದು ನಿಮಿಷ ಪ್ರಾರ್ಥನೆ, ಬೇಡವಾದವರು ಅದಾದ ಮೇಲೆ ಬರಬಹುದು. ಶಿಕ್ಷಕಿ ಎರಡನೆಯ ಸಾಲನ್ನು ಒಂದೆರಡು ಸಲ ಓದಿ, ಹಾಗೇ ಬರೆಸುವುದಾಗಿ ಒಪ್ಪಿಕೊಂಡರು.