ಮೆಟ್ಟಿಲಾಗುವ ತಂತಿ

ಕಾರು ಓಡಿಸುವ ಕಂಪ್ಯೂಟರ್ ಆಟ. ರಸ್ತೆಯ ಪಕ್ಕದಲ್ಲಿ ಕರೆಂಟು ಕಂಬಗಳ ಸಾಲು. ಕಂಬದಿಂದ ಕಂಬಕ್ಕೆ ಹಾಯ್ದ ತಂತಿ ಮಾತ್ರ ತಂತಿಯಂತಿಲ್ಲ. ಹತ್ತಿರದಲ್ಲಿ ಮೆಟ್ಟಿಲು ಮೆಟ್ಟಿಲು, ದೂರದಲ್ಲಿ ತುಂಡು ತುಂಡು. ಕಾರು ಹೊರಟಿತೆಂದರೆ ಆ ತುಂಡುಗಳು ಮಿಣುಕುತ್ತವೆ. ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕೆಂಬ ಹಟ ಮನೆಯಲ್ಲಿ ಶುರುವಾಗುವುದು ಇಂಥ ಹೊತ್ತಿನಲ್ಲೇ. ದುಡ್ಡು ಬಿಚ್ಚುವ ಮುನ್ನ ಆಟದ ಸೆಟ್ಟಿಂಗ್‌ಗಳಲ್ಲಿ ‘ಆಂಟಿ-ಅಲಿಯಾಸಿಂಗ್’ ಎಂಬ ಸಾಲನ್ನು ತಂದೆ-ಮಕ್ಕಳು ಒಟ್ಟಿಗೆ ಕೂತು ನೋಡುವುದು ಮೇಲು.

1920 × 1080 ಅಳತೆಯ ತೆರೆಯೆಂದರೆ ಸುಮಾರು 20.7 ಲಕ್ಷ ಚೌಕಗಳ ಗ್ರಾಫ್ ಹಾಳೆ. ಒಂದು ಚೌಕಕ್ಕೆ, ಅಂದರೆ ಒಂದು ಪಿಕ್ಸೆಲ್‌ಗೆ, ಒಂದೇ ಬಣ್ಣ. ಕಾರ್ಡು ಪ್ರತಿ ಚೌಕದ ನಟ್ಟನಡುವಿನ ಒಂದು ಬಿಂದುವನ್ನಷ್ಟೇ ನೋಡುತ್ತದೆ: ಇಲ್ಲಿ ತಂತಿ ಇದೆಯೇ, ಆಕಾಶವೇ? ತಂತಿಯ ದಪ್ಪ ಅರ್ಧ ಚೌಕದಷ್ಟಿದ್ದರೆ ಕೆಲವು ಕಡೆ ಅದು ಬಿಂದುವನ್ನು ತಪ್ಪಿಸಿಕೊಂಡು ಹಾದುಹೋಗುತ್ತದೆ. ಅಲ್ಲಿ ತಂತಿ ಮಾಯ.

ಇದಕ್ಕೆ ನೇರವಾದ ಮದ್ದು ಮಲ್ಟಿಸ್ಯಾಂಪಲ್. ಮೆನುವಿನಲ್ಲಿ MSAA ಎಂದಿರುತ್ತದೆ. ‘4x’ ಆರಿಸಿದರೆ ಪ್ರತಿ ಚೌಕದಲ್ಲಿ ನಾಲ್ಕು ಬಿಂದುಗಳ ಪರೀಕ್ಷೆ. ಎರಡರಲ್ಲಿ ತಂತಿ ಸಿಕ್ಕರೆ ಅರ್ಧ ತಂತಿಯ ಬಣ್ಣ, ಅರ್ಧ ಆಕಾಶದ್ದು. ಬಣ್ಣದ ಲೆಕ್ಕವನ್ನು ಮಾತ್ರ ವಸ್ತುವೊಂದಕ್ಕೆ ಚೌಕದಲ್ಲಿ ಒಂದೇ ಸಲ ಮಾಡುವುದು ಇದರ ಜಾಣತನ. ಹಾಗಾಗಿ ಅಂಚು ನಯವಾಗುತ್ತದೆ, ಒಳಗಿನ ಚಿತ್ರ ಮಸುಕಾಗುವುದಿಲ್ಲ. ಆದರೆ ನಾಲ್ಕೂ ಬಿಂದುಗಳ ಬಣ್ಣ, ಆಳಗಳನ್ನು ನೆನಪಿನಲ್ಲಿಡಬೇಕು. ಒಂದು ಬಿಂದುವಿಗೆ 8 ಬೈಟ್ ಎಂದರೆ, ಸುಮಾರು 16.6 ಮೆಗಾಬೈಟ್ ಇದ್ದದ್ದು 66 ದಾಟುತ್ತದೆ. ಚಿತ್ರದ ಹಲವು ಪದರಗಳನ್ನು ಮೊದಲು ಬರೆದಿಟ್ಟು, ಬೆಳಕಿನ ಲೆಕ್ಕವನ್ನು ಆಮೇಲೆ ಮಾಡುವ ಈಚಿನ ಆಟಗಳಲ್ಲಿ ಈ ಹೊರೆ ಪ್ರತಿ ಪದರಕ್ಕೂ ಬೀಳುತ್ತದೆ. ಅಂಥ ಎಷ್ಟೋ ಆಟಗಳಲ್ಲಿ ಈ ಆಯ್ಕೆಯೇ ಇರುವುದಿಲ್ಲ. ಒದ್ದೆ ರಸ್ತೆಯ ಹೊಳಪು ಮಿಣುಕುವುದನ್ನೂ ಇದು ತಡೆಯದು. ಅದು ಅಂಚಿನ ಕಾಯಿಲೆಯಲ್ಲ.

FXAA ಬಡವರ ಬಂಧು. ಎನ್‌ವಿಡಿಯಾದ ತಿಮೋತಿ ಲಾಟ್ಸ್ ರೂಪಿಸಿದ್ದು. ಮುಗಿದ ಚಿತ್ರದ ಮೇಲೆ ಒಮ್ಮೆ ಕೈಯಾಡಿಸಿ, ಬೆಳಕು-ಕತ್ತಲು ಒಮ್ಮೆಲೇ ಬದಲಾಗುವ ಕಡೆ ಅಂಚನ್ನು ಗುರುತಿಸಿ ಅಕ್ಕಪಕ್ಕದ ಬಣ್ಣ ಬೆರೆಸುತ್ತದೆ. ಹಳೆಯ ಕಾರ್ಡಿಗೂ ಭಾರವಲ್ಲ. ಆದರೆ ಅದಕ್ಕೆ ತಂತಿಯೂ ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ. ಅಂಗಡಿಯ ಬೋರ್ಡಿನ ಸಣ್ಣ ಬರಹವೂ ಅಂಚೆಂದೇ ಕಾಣುವುದರಿಂದ ಅದನ್ನೂ ತಿಕ್ಕುತ್ತದೆ. ತುಂಡಾದ ತಂತಿಯನ್ನಂತೂ ಜೋಡಿಸಲಾರದು. ಚಿತ್ರದಲ್ಲೇ ಇಲ್ಲದ ತುಂಡನ್ನು ಎಲ್ಲಿಂದ ತಂದೀತು?

ಮೂರನೆಯದು ಟೆಂಪೊರಲ್, ಅಂದರೆ TAA. ಅನ್‌ರಿಯಲ್ ಎಂಜಿನ್ 4ರಲ್ಲಿ ಇದನ್ನು ಅಳವಡಿಸಿದ ಬಗೆಯನ್ನು ಬ್ರಯನ್ ಕಾರಿಸ್ 2014ರ ಸಿಗ್ರಾಫ್ ಸಮ್ಮೇಳನದಲ್ಲಿ ವಿವರಿಸಿದರು. ಪ್ರತಿ ಚಿತ್ರದಲ್ಲೂ ನೋಡುವ ಬಿಂದುವನ್ನು ಚೌಕದೊಳಗೇ ತುಸು ಸರಿಸಿ, ಹೊಸ ಚಿತ್ರವನ್ನು ಹಿಂದಿನ ಚಿತ್ರಗಳ ಮಿಶ್ರಣಕ್ಕೆ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾರೆ. ಎಂಟು ಚಿತ್ರಗಳಲ್ಲಿ ಎಂಟು ಕಡೆ ನೋಡಿದಂತಾಯಿತು. ನಿಂತು ನೋಡಿದರೆ ತಂತಿ ಅಖಂಡ. ತೊಡಕು ಬರುವುದು ಓಡುವಾಗ. ಹಳೆಯ ಚಿತ್ರವನ್ನು ಚಲನೆಗೆ ತಕ್ಕಂತೆ ಸರಿಸಿದರೆ ಅದು ಚೌಕಕ್ಕೆ ಸರಿಯಾಗಿ ಕೂರುವುದಿಲ್ಲ. ನೆರೆಯ ಬಣ್ಣಗಳನ್ನು ಬೆರೆಸಿ ಕೂರಿಸಬೇಕು, ಅದೂ ಪ್ರತಿ ಸಲ. ಮಸುಕಿನ ಮೂಲ ಇದೇ. ತಂತಿಯ ಮುಂದೆ ಹಕ್ಕಿ ಹಾರಿದಾಗ, ಹಳೆಯ ಬಣ್ಣವನ್ನು ಸಕಾಲಕ್ಕೆ ಬಿಸಾಡದಿದ್ದರೆ ಹಿಂದೆ ನೆರಳಿನಂಥ ಬಾಲ ಉಳಿಯುತ್ತದೆ. ನಿಧಾನದ ಯಂತ್ರದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಸೆಕೆಂಡಿಗೆ 60 ಚಿತ್ರ ಬಂದರೆ ಎಂಟು ಚಿತ್ರಕ್ಕೆ 0.13 ಸೆಕೆಂಡು, 30 ಬಂದರೆ 0.27.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಸಣ್ಣ ಅಕ್ಷರದ ಬೋರ್ಡೂ ತಂತಿಯೂ ಒಟ್ಟಿಗೆ ಕಾಣುವ ಜಾಗದಲ್ಲಿ ನಿಂತು, ಒಂದೊಂದೇ ಆಯ್ಕೆ ಬದಲಿಸಿ ನೋಡಬೇಕು. ಆಮೇಲೆ ನಡೆಯುತ್ತ ನೋಡಬೇಕು. ನಿಂತಾಗಲೂ ಅಕ್ಷರ ಮಸುಕಾದರೆ ಅದು FXAA ಲಕ್ಷಣ. ನಡೆದಾಗ ಮಾತ್ರ ಮಸುಕಾದರೆ TAA.

ಖರ್ಚಿನ ಲೆಕ್ಕದಲ್ಲಿ ಹುಡುಗರು ಸಾಮಾನ್ಯವಾಗಿ ಎಡವುತ್ತಾರೆ. 60 ಚಿತ್ರ 50ಕ್ಕೆ ಇಳಿದರೆ ‘ಹತ್ತೇ ತಾನೇ’ ಎನ್ನುತ್ತಾರೆ. 200 ಇದ್ದದ್ದು 150 ಆದರೆ ಹೌಹಾರುತ್ತಾರೆ. ಒಂದು ಚಿತ್ರಕ್ಕೆ ಹಿಡಿದ ಸಮಯ ನೋಡಿದರೆ ಮೊದಲನೆಯದು 16.7ರಿಂದ 20 ಮಿಲಿಸೆಕೆಂಡಿಗೆ, ಅಂದರೆ 3.3 ಹೆಚ್ಚಾಯಿತು. ಎರಡನೆಯದು 5ರಿಂದ 6.7ಕ್ಕೆ, ಬರೀ 1.7. ಅಳೆಯುವಾಗ ವಿ-ಸಿಂಕ್ ಮಿತಿಯನ್ನು ತೆಗೆದಿಡಬೇಕು, ಇಲ್ಲವಾದರೆ ಎಲ್ಲ ಆಯ್ಕೆಗೂ 60 ಎಂದೇ ತೋರಿಸೀತು.

ಓಟದ ಆಟದಲ್ಲಿ MSAA ಇದ್ದು, ಯಂತ್ರ ತಡೆದುಕೊಂಡರೆ ಅದೇ ವಾಸಿ. ಹಳೆಯ ಯಂತ್ರದಲ್ಲಿ, ಓದುವುದು ಹೆಚ್ಚಿರುವ ಆಟವಾದರೆ ಮೂರನ್ನೂ ಬಿಟ್ಟು ಮೆಟ್ಟಿಲುಗಳನ್ನೇ ಸಹಿಸಿಕೊಳ್ಳುವವರೂ ಇದ್ದಾರೆ. ಅದೇನೂ ತಪ್ಪಲ್ಲ, ಬೋರ್ಡಿನ ಅಕ್ಷರವಾದರೂ ಕಾಣುತ್ತದೆ.