ಸಾರವಾಡಕ್ಕೊಂದು ಮಾತಿನ ಬೆಂಚು ಹಾಕಿಸಿ

ಸಾರವಾಡದ ಹಿರಿಯರೇ, ಗ್ರಾಮ ಪಂಚಾಯಿತಿ ಸದಸ್ಯರೇ,

ಊರಿನ ಗ್ರಂಥಾಲಯದ ಹತ್ತಿರ ಒಂದು ಬೆಂಚು ಹಾಕಿಸಿ, ವಾರಕ್ಕೆರಡು ಸಂಜೆ ಅಲ್ಲಿ ಊರವರೇ ಒಬ್ಬರು ಕೂಡುವ ಏರ್ಪಾಡು ಮಾಡಿ. ಪರೀಕ್ಷೆಯ ಚಿಂತೆಯಲ್ಲಿರುವವರು, ವಿಜಯಪುರದ ಅಂಗಡಿಗಳಿಗೆ ದಿನಾ ದುಡಿಯಲು ಹೋಗಿಬರುವವರು ಬಂದು ಮಾತಾಡಲಿ.

ಇದು ಜಿಂಬಾಬ್ವೆಯ ಹರಾರೆಯಲ್ಲಿ 2006ರಲ್ಲಿ ಶುರುವಾದ ಪದ್ಧತಿ. ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರಲ್ಲಿಗೆ ಬರುತ್ತಿದ್ದ ಯುವತಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಬರಲು ಬಸ್ ಚಾರ್ಜಿಗೂ ದುಡ್ಡಿರಲಿಲ್ಲ ಎಂದು ಅವಳ ತಾಯಿ ಹೇಳಿದರು. ಆಮೇಲೆ ಚಿಬಾಂಡಾ 14 ಅಜ್ಜಿಯರಿಗೆ ತರಬೇತಿ ಕೊಟ್ಟು ಬೆಂಚಿನ ಮೇಲೆ ಕೂಡಿಸಿದರು. ಇದರಿಂದ ಗುಣ ಕಂಡಿದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಬೆಂಚಿನ ಮೇಲೆ ಉಪದೇಶ ನಡೆಯುವುದಿಲ್ಲ. ಎರಡನೇ ಪಿಯುಸಿಯಲ್ಲಿ ಲೆಕ್ಕ ಹೋದ ಹುಡುಗ ಬಂದನೆನ್ನಿ. "ಇಷ್ಟಕ್ಕ ಯಾಕ ಚಿಂತಿ ಮಾಡ್ತಿ ತಮ್ಮಾ" ಅಂದರೆ ಅವನ ಬಾಯಿ ಅಲ್ಲಿಗೇ ಬಂದ್. "ಏನೇನ್ ಆಗೇದ, ಎಲ್ಲಾ ಹೇಳು" ಎಂದು ಸುಮ್ಮನೆ ಕೇಳಬೇಕು. ಅಪ್ಪನ ಬೈಗುಳ, ನಿದ್ದೆ ಇಲ್ಲದಿರುವುದು, ಗೆಳೆಯರಿಗೆ ಮುಖ ತೋರಿಸಲಾಗದ್ದು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಮೊದಲು ಯಾವುದನ್ನು ಹಿಡಿಯೋಣ ಎಂದು ಅವನನ್ನೇ ಕೇಳಬೇಕು. ಅವನು ಲೆಕ್ಕ ಅಂದರೆ, ಪರೀಕ್ಷೆ 2ಕ್ಕೆ ಫೀಸು ಕಟ್ಟುವ ದಿನ ನೋಡಿ ಬರುವುದು ಈ ವಾರದ ಕೆಲಸ. ಮುಂದಿನ ವಾರ ಆತೋ ಇಲ್ಲೋ ಎಂಬುದನ್ನು ನೋಡುವುದು. ಬೆಂಚು ಬಿಟ್ಟರೆ ಕೊಳ್ಳಬೇಕಾದ ಸಾಮಾನು ಆ ನೋಟ್‌ಬುಕ್ ಒಂದೇ. ಟೆನ್ಶನ್ ಇಳಿಸುತ್ತೇವೆ ಎಂಬ ಪುಡಿ, ಗುಳಿಗೆಗಳಿಗೆ ದುಡ್ಡು ಹಾಕಬೇಡಿ.

ಹಳ್ಳಿಯಲ್ಲಿ ಇದು ಕೆಡುವುದು ಗಾಳಿಮಾತಿನಿಂದ. ಬೆಂಚು ಎಲ್ಲರಿಗೂ ಕಾಣಬೇಕು, ಮಾತು ಮಾತ್ರ ಕೇಳಿಸಬಾರದು. ಕೂಡುವವರು ಪಂಚಾಯಿತಿ ರಾಜಕೀಯದವರಾಗಬಾರದು, ಬಂದವನ ಹತ್ತಿರದ ಬಳಗದವರೂ ಆಗಬಾರದು. ಹುಡುಗಿಯರಿಗೆ ಒಬ್ಬ ಅಕ್ಕನೋ ಅತ್ತೆಯೋ ಬೇಕೇ ಬೇಕು. ನಿವೃತ್ತ ಟೀಚರ್‌ಗಳನ್ನು ಕೇಳಿ ನೋಡಿ. ಆದರೆ ಪಾಠ ಮಾಡುವ ಚಟ ಬಿಡದವರು ಬೇಡ.

ಸಾಯುವ ಮಾತು ಬಂದರೆ ಬೆಂಚಿನ ಕೆಲಸ ಮುಗಿಯಿತು. ಅದನ್ನು ಗುಟ್ಟಾಗಿಡಬಾರದು. ಅವರನ್ನು ಒಂಟಿ ಬಿಡದೆ, ಟೆಲಿ ಮಾನಸ್ 14416ಕ್ಕೆ ಪಕ್ಕದಲ್ಲೇ ಕೂತು ಫೋನ್ ಹಚ್ಚಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣಿ ಡಬ್ಬಿ ಇದ್ದರೆ ಅಂದೇ ಬೀಗ ಹಾಕಿಸಿ. ಸಂಕಟದ ಆ ಗಳಿಗೆಯಲ್ಲಿ ಅದು ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ.

ತರಬೇತಿಗೆ ದೂರ ಹೋಗಬೇಕಿಲ್ಲ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ 'ಯುವ ಸ್ಪಂದನ'ದ ಬಗ್ಗೆ ವಿಜಯಪುರದ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಕೂಡಲು ಒಪ್ಪುವ ಇಬ್ಬರು ಗಂಡಸರು, ಇಬ್ಬರು ಹೆಂಗಸರ ಹೆಸರು ಅಂದೇ ಬರೆಸಿ.